ಒಂದೇ ಸರಕಿಗೆ ಎರಡು ವಿಮೆ: ನಷ್ಟವಾದಾಗ ಕಂಪನಿಗಳ ಪಾಲು ಲೆಕ್ಕ ಹಾಕುವುದು ಹೇಗೆ?

ತಮ್ಮ ಅಂಗಡಿಯ ಸರಕಿನ ಮೇಲೆ ಎರಡು ವಿಮೆ ಇದೆ ಎಂಬುದು ಎಷ್ಟೋ ವ್ಯಾಪಾರಿಗಳಿಗೆ ತಿಳಿಯುವುದೇ ನಷ್ಟವಾದ ಮೇಲೆ. ಒಂದು ಪಾಲಿಸಿಯನ್ನು ಅವರೇ ಏಜೆಂಟರ ಮೂಲಕ ಮಾಡಿಸಿರುತ್ತಾರೆ. ಇನ್ನೊಂದನ್ನು ಸಿಸಿ ಸಾಲ ಕೊಟ್ಟ ಬ್ಯಾಂಕು ತಾನೇ ಮಾಡಿಸಿ, ಪ್ರೀಮಿಯಂ ಹಣವನ್ನು ಖಾತೆಯಿಂದ ಹಿಡಿದಿರುತ್ತದೆ. ಪಾಲಿಸಿಯ ಪ್ರತಿ ಶಾಖೆಯ ಕಡತದಲ್ಲಿ ಕುಳಿತಿರುತ್ತದೆ. ಮಳೆಗಾಲದಲ್ಲಿ ಅಂಗಡಿಗೆ ನೀರು ನುಗ್ಗಿದಾಗ ಎರಡೂ ಹೊರಗೆ ಬರುತ್ತವೆ, ಅಲ್ಲಿಂದ ಗೊಂದಲ ಶುರುವಾಗುತ್ತದೆ. ಕೆಲವರು ಎರಡೂ ಕಡೆಯಿಂದ ಪೂರ್ತಿ ಹಣ ಬರುತ್ತದೆಂದು ಆಸೆಪಡುತ್ತಾರೆ. ಇನ್ನು ಕೆಲವರು ಎರಡೂ ಕಡೆ ಕಡಿತವಾಗಿ ಬಂದ ಹಣವನ್ನು, ಅದೇ ನಿಯಮವಿರಬೇಕೆಂದು ಮಾತನಾಡದೆ ತೆಗೆದುಕೊಳ್ಳುತ್ತಾರೆ. ಮೊದಲನೆಯದು ತಪ್ಪು ಆಸೆ, ಎರಡನೆಯದು ಅನ್ಯಾಯದ ನಷ್ಟ. ಈ ಲೇಖನ ಮುಖ್ಯವಾಗಿ ಎರಡನೆಯವರಿಗಾಗಿ.

ವಿಮೆ ಇರುವುದು ಆದ ನಷ್ಟವನ್ನು ತುಂಬಿಕೊಡುವುದಕ್ಕೆ. ಹತ್ತು ಲಕ್ಷದ ನಷ್ಟಕ್ಕೆ ಎರಡು ಪಾಲಿಸಿಯಿದ್ದರೂ, ನಾಲ್ಕು ಪಾಲಿಸಿಯಿದ್ದರೂ ಒಟ್ಟು ಸಿಗುವುದು ಹತ್ತು ಲಕ್ಷಕ್ಕಿಂತ ಹೆಚ್ಚಿಲ್ಲ. ಆ ಹತ್ತು ಲಕ್ಷವನ್ನು ಕಂಪನಿಗಳು ತಮ್ಮೊಳಗೆ ಹಂಚಿಕೊಳ್ಳುವುದನ್ನು ವಿಮೆಯವರು ಕಾಂಟ್ರಿಬ್ಯೂಷನ್ ಎನ್ನುತ್ತಾರೆ. ನಾವು ಪಾಲು ಎನ್ನೋಣ. ಒಂದೇ ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಪಾಲಿನ ನಿಯಮ ಕತ್ತರಿಸುವುದು ನಷ್ಟವನ್ನು ಮೀರಿ ಉಕ್ಕುವ ಹಣವನ್ನು ಮಾತ್ರ. ಉಕ್ಕುವುದೇ ಇಲ್ಲದಿದ್ದರೆ ಕತ್ತರಿಸಲು ಏನೂ ಇರುವುದಿಲ್ಲ.

ಹಂತ 1: ಎರಡನೆಯ ಪಾಲಿಸಿಯನ್ನು ಹುಡುಕಿ

ಸಾಲದ ಖಾತೆಯ ಒಂದು ವರ್ಷದ ಸ್ಟೇಟ್‌ಮೆಂಟ್ ತೆಗೆದು ವಿಮೆಯ ಹೆಸರಿನಲ್ಲಿ ಹಣ ಹೋಗಿದೆಯೇ ನೋಡಿ. ಹೋಗಿದ್ದರೆ ಶಾಖೆಗೆ ಪತ್ರ ಬರೆದು ಪಾಲಿಸಿಯ ಪೂರ್ತಿ ಪ್ರತಿಯನ್ನು, ಷರತ್ತುಗಳ ಹಾಳೆಗಳೂ ಸೇರಿದಂತೆ, ಕೇಳಿ ಪಡೆಯಿರಿ. ಮೊದಲ ಪುಟ ಮಾತ್ರ ಕೊಟ್ಟರೆ ಸಾಲದು.

ಹಂತ 2: ಎರಡೂ ಕಂಪನಿಗಳಿಗೆ ಒಂದೇ ದಿನ, ಒಂದೇ ಮಾತು

ನಷ್ಟವಾದ ಕೂಡಲೇ ಎರಡೂ ಕಂಪನಿಗಳಿಗೆ ಬರೆಯಿರಿ. ಎರಡೂ ಪತ್ರಗಳಲ್ಲಿ ಇನ್ನೊಂದು ಪಾಲಿಸಿಯ ಸಂಖ್ಯೆ, ಕಂಪನಿಯ ಹೆಸರು, ವಿಮಾ ಮೊತ್ತ ಇರಲಿ. ಕ್ಲೇಮ್ ಫಾರಂನಲ್ಲಿ "ಇದೇ ಆಸ್ತಿಗೆ ಬೇರೆ ವಿಮೆ ಇದೆಯೇ?" ಎಂಬ ಪ್ರಶ್ನೆ ಇರುತ್ತದೆ. ಅದನ್ನು ಖಾಲಿ ಬಿಡಬೇಡಿ, "ಇಲ್ಲ" ಎಂದಂತೂ ಬರೆಯಲೇಬೇಡಿ. ಬೆಂಕಿಯ ಜೊತೆಗೆ ಬಿರುಗಾಳಿ, ನೆರೆಯ ನಷ್ಟವನ್ನೂ ಕಾಯುವ, ಬಹುಕಾಲದಿಂದ ಚಾಲ್ತಿಯಲ್ಲಿರುವ ಸ್ಟ್ಯಾಂಡರ್ಡ್ ಫೈರ್ ಪಾಲಿಸಿಯ ಷರತ್ತಿನ ಪ್ರಕಾರ ನಷ್ಟವಾದ 15 ದಿನಗಳೊಳಗೆ ಲಿಖಿತ ಕ್ಲೇಮ್ ಕೊಡಬೇಕು, ಅದರಲ್ಲಿ ಬೇರೆ ವಿಮೆಗಳ ವಿವರವೂ ಇರಬೇಕು.

"ಎರಡೂ ಕಡೆ ಪೂರ್ತಿ ಕ್ಲೇಮ್ ಹಾಕಿಬಿಡಿ, ಒಬ್ಬರದ್ದು ಇನ್ನೊಬ್ಬರಿಗೆ ಹೇಗೆ ಗೊತ್ತಾಗುತ್ತದೆ?" ಎಂದು ಸಲಹೆ ಕೊಡುವವರು ಊರಿನಲ್ಲಿ ಇದ್ದಾರೆ. ಗೊತ್ತಾಗುತ್ತದೆ. ನಷ್ಟವನ್ನು ಅಳೆಯಲು ಕಂಪನಿ ಕಳುಹಿಸುವ ಸರ್ವೇಯರ್ ಕೇಳುವ ಮೊದಲ ಕಾಗದಗಳಲ್ಲಿ ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟ್ ಒಂದು, ಸಾಲದ ಖಾತೆ ಇನ್ನೊಂದು. ಪ್ರೀಮಿಯಂ ಹೋದದ್ದು ಅಲ್ಲಿಯೇ ಕಾಣುತ್ತದೆ. ಸುಳ್ಳು ಹೇಳಿಕೆ ಕೊಟ್ಟರೆ ಆ ಪಾಲಿಸಿಯ ಲಾಭವೆಲ್ಲ ಕಳೆದುಹೋಗುತ್ತದೆ ಎಂಬ ಷರತ್ತು ಪಾಲಿಸಿಯಲ್ಲಿಯೇ ಇದೆ. ಸಿಗಬೇಕಾದದ್ದನ್ನೂ ಕಳೆದುಕೊಳ್ಳುವ ದಾರಿ ಇದು.

ಹಂತ 3: ಎರಡೂ ಪಾಲಿಸಿ ನಿಜವಾಗಿ ಒಂದೇ ಸರಕನ್ನು ಕಾಯುತ್ತಿವೆಯೇ?

ಎರಡು ಪಾಲಿಸಿ ಕೈಯಲ್ಲಿದೆ ಎಂದ ಮಾತ್ರಕ್ಕೆ ಪಾಲಿನ ಲೆಕ್ಕ ಬರುವುದಿಲ್ಲ. ನಷ್ಟವಾದ ದಿನ ಎರಡೂ ಚಾಲ್ತಿಯಲ್ಲಿರಬೇಕು. ಎರಡೂ ಅದೇ ಸರಕನ್ನು, ಅದೇ ಅಪಾಯದಿಂದ, ಅದೇ ವ್ಯಕ್ತಿಯ ಹಿತಕ್ಕಾಗಿ ಕಾಯುತ್ತಿರಬೇಕು.

ನಮ್ಮಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ವಿಳಾಸದಲ್ಲಿ. ಬ್ಯಾಂಕಿನ ಪಾಲಿಸಿಯಲ್ಲಿ ಸಾಲ ಮಂಜೂರಾದಾಗಿನ ಹಳೆಯ ಮಳಿಗೆಯ ವಿಳಾಸವೇ ಉಳಿದಿರುತ್ತದೆ, ಅಂಗಡಿ ಬೇರೆ ಕಡೆ ಹೋಗಿ ವರ್ಷಗಳಾಗಿರುತ್ತವೆ. ಅಥವಾ ಒಂದು ಪಾಲಿಸಿ ಅಂಗಡಿಯ ಸರಕಿಗೆ, ಇನ್ನೊಂದು ಗೋದಾಮಿನ ಸರಕಿಗೆ ಇರುತ್ತದೆ. ಅಪಾಯದ ವಿಷಯದಲ್ಲೂ ಹಾಗೆಯೇ. ಫೈರ್ ಪಾಲಿಸಿಯಲ್ಲಿ ಬಿರುಗಾಳಿ ಮತ್ತು ನೆರೆಯ ರಕ್ಷಣೆಯನ್ನು ತೆಗೆಸಿ ಪ್ರೀಮಿಯಂ ಉಳಿಸಿದವರಿದ್ದಾರೆ. ಕರಾವಳಿಯಲ್ಲಿ ಇದಕ್ಕಿಂತ ಕೆಟ್ಟ ಉಳಿತಾಯ ನನಗೆ ಗೊತ್ತಿಲ್ಲ. 2018ರ ಮೇ 29ರಂದು ಮಂಗಳೂರಿನಲ್ಲಿ, 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ನೀರು ಪೇಟೆಯೊಳಗೆ ಬಂದದ್ದನ್ನು ಕಂಡ ಮೇಲೂ ನೆರೆಯ ರಕ್ಷಣೆಯಿಲ್ಲದ ಪಾಲಿಸಿಯನ್ನು ಯಾರೂ ಒಪ್ಪಬಾರದು.

ಯಾರ ಹಿತ ಎಂಬ ಪ್ರಶ್ನೆಗೆ ಹಳೆಯ ತೀರ್ಪೊಂದಿದೆ. 1877ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಬಂದ ಪ್ರಕರಣದಲ್ಲಿ, ಉಗ್ರಾಣದಲ್ಲಿದ್ದ ಧಾನ್ಯಕ್ಕೆ ಉಗ್ರಾಣದವನೂ ವಿಮೆ ಮಾಡಿಸಿದ್ದ, ಧಾನ್ಯದ ಮಾಲೀಕನೂ ಮಾಡಿಸಿದ್ದ. ಧಾನ್ಯ ಒಂದೇ ಆದರೂ ಇಬ್ಬರ ಹಿತ ಬೇರೆ ಬೇರೆ, ಆದ್ದರಿಂದ ಕಂಪನಿಗಳ ನಡುವೆ ಪಾಲಿನ ಪ್ರಶ್ನೆಯೇ ಇಲ್ಲ ಎಂದು ತೀರ್ಮಾನವಾಯಿತು. ಹೊಲಿಗೆಗೆ ಬಂದ ಗಿರಾಕಿಯ ಬಟ್ಟೆ, ದುರಸ್ತಿಗೆ ಬಂದ ಯಂತ್ರ ಅಂಗಡಿಯಲ್ಲಿದ್ದರೆ ಈ ವ್ಯತ್ಯಾಸ ಮುಖ್ಯವಾಗುತ್ತದೆ. ಆದರೆ ಬ್ಯಾಂಕು ಮಾಡಿಸಿದ ಪಾಲಿಸಿಯಲ್ಲಿ ಸಾಮಾನ್ಯವಾಗಿ ವಿಮೆದಾರನಾಗಿ ನಿಮ್ಮ ಹೆಸರೇ ಇರುತ್ತದೆ, ಜೊತೆಗೆ ಬ್ಯಾಂಕಿನ ಹೆಸರು. ಹಾಗಿದ್ದರೆ ಹಿತ ಒಂದೇ, ಪಾಲಿನ ಲೆಕ್ಕ ಅನ್ವಯಿಸುತ್ತದೆ.

ಹಂತ 4: ನಷ್ಟದ ಅಂಕಿ ಒಂದೇ ಇರಲಿ

ಎರಡು ಕಂಪನಿ ಎಂದರೆ ಇಬ್ಬರು ಸರ್ವೇಯರ್‌ಗಳು. ಒಬ್ಬರು ಸೋಮವಾರ ಬಂದು ಒದ್ದೆ ಗಂಟುಗಳನ್ನು ಎಣಿಸುತ್ತಾರೆ. ಇನ್ನೊಬ್ಬರು ಶುಕ್ರವಾರ ಬರುವ ಹೊತ್ತಿಗೆ ಅರ್ಧ ಸರಕು ಒಣಗಿ, ಕೆಲವು ಗಂಟುಗಳು ಜಾಗ ಬದಲಾಯಿಸಿರುತ್ತವೆ. ಒಬ್ಬರ ವರದಿಯಲ್ಲಿ ನಷ್ಟ ಹತ್ತು ಲಕ್ಷ, ಇನ್ನೊಬ್ಬರದ್ದರಲ್ಲಿ ಎಂಟು ಲಕ್ಷ. ಇಂಥ ಎರಡು ಅಂಕಿಗಳನ್ನು ಇಟ್ಟುಕೊಂಡು ಪಾಲಿನ ಲೆಕ್ಕ ಯಾರಿಗೂ ಹೊಂದುವುದಿಲ್ಲ. ಆದ್ದರಿಂದ ಮೊದಲ ಪತ್ರದಲ್ಲಿಯೇ ಜಂಟಿ ಸರ್ವೆ ಮಾಡಿಸಿ ಎಂದು ಎರಡೂ ಕಂಪನಿಗಳನ್ನು ಕೇಳಿ. ಅದಾಗದಿದ್ದರೆ ಇಬ್ಬರನ್ನೂ ಒಂದೇ ದಿನ ಅಂಗಡಿಗೆ ಕರೆಸಿ, ಎಣಿಕೆಯ ಪಟ್ಟಿಗೆ ಅಲ್ಲಿಯೇ ಇಬ್ಬರಿಂದಲೂ ಸಹಿ ಹಾಕಿಸಿ.

ಅವರು ಬರುವ ಮೊದಲು ಗೋಡೆಯ ಮೇಲೆ ನೀರು ನಿಂತ ಗೆರೆಗೆ ಟೇಪು ಹಿಡಿದು ಫೋಟೊ ತೆಗೆದಿಡಿ. ಜವಳಿ ಅಂಗಡಿಯಾದರೆ ಕೆಳಗಿನ ತಟ್ಟಿನಲ್ಲಿದ್ದ ಸೀರೆಗಳನ್ನು ಬಿಚ್ಚಿ, ಕೆಂಪು ಅಂಚಿನ ಬಣ್ಣ ಬಿಳಿ ಮೈಗೆ ಇಳಿದಿರುವುದು ಕಾಣುವಂತೆ ತೆಗೆಯಿರಿ. ಮಡಿಸಿದ ಸೀರೆಯ ಮೇಲ್ಭಾಗ ಒಣಗಿ ಚೆನ್ನಾಗಿಯೇ ಕಾಣುತ್ತದೆ, ಒಳಗಿನ ಮಡಿಕೆಯಲ್ಲಿ ಕೆಸರಿನ ಕಲೆ ಇರುತ್ತದೆ. ಬೆಲೆ ಹಾಕುವಾಗ ಖರೀದಿ ಬೆಲೆ ಹಾಕಿ. ಮಾರಾಟದ ಬೆಲೆ ಹಾಕಿದರೆ ಸರ್ವೇಯರ್ ಹೇಗೂ ತೆಗೆಯುತ್ತಾರೆ, ಜೊತೆಗೆ ನಿಮ್ಮ ಪಟ್ಟಿಯ ಮೇಲಿನ ನಂಬಿಕೆಯೂ ಹೋಗುತ್ತದೆ.

ಹಂತ 5: ಪಾಲಿನ ಲೆಕ್ಕ, ಹಣ ಕಳೆದುಹೋಗುವ ಜಾಗ

ಇಲ್ಲಿ ಅವಸರ ಬೇಡ. ಒಂದು ಉದಾಹರಣೆ ಹಿಡಿದು ನಿಧಾನವಾಗಿ ಹೋಗೋಣ.

ಉಡುಪಿಯ ಕಲ್ಸಂಕದ ಹತ್ತಿರ ಒಂದು ಜವಳಿ ಅಂಗಡಿ ಇದೆಯೆಂದು ಇಟ್ಟುಕೊಳ್ಳಿ. ನೆರೆ ಬಂದ ದಿನ ಅಂಗಡಿಯಲ್ಲಿದ್ದ ಒಟ್ಟು ಸರಕಿನ ಬೆಲೆ 40 ಲಕ್ಷ ರೂಪಾಯಿ. ಬ್ಯಾಂಕು ಮಾಡಿಸಿದ ಪಾಲಿಸಿಯಲ್ಲಿ ಸರಕಿನ ವಿಮಾ ಮೊತ್ತ 20 ಲಕ್ಷ. ಮಾಲೀಕರು ತಾವೇ ಮಾಡಿಸಿದ ಪಾಲಿಸಿಯಲ್ಲಿ 30 ಲಕ್ಷ. ಹಾಳಾದ ಸರಕಿನ ಬೆಲೆ ಹನ್ನೊಂದೂವರೆ ಲಕ್ಷ. ಅದರಲ್ಲಿ ತೊಳೆದು ಅಗ್ಗಕ್ಕೆ ಮಾರಬಹುದಾದ ಬಟ್ಟೆಯ ಬೆಲೆ, ಅಂದರೆ ಸಾಲ್ವೇಜ್, ಒಂದೂವರೆ ಲಕ್ಷ. ಅದನ್ನು ಕಳೆದರೆ ನಿಜವಾದ ನಷ್ಟ 10 ಲಕ್ಷ.

ಮೊದಲು ಪ್ರತಿ ಪಾಲಿಸಿಯನ್ನೂ ಅದೊಂದೇ ಇದ್ದಿದ್ದರೆ ಎಷ್ಟು ಕೊಡಬೇಕಾಗುತ್ತಿತ್ತು ಎಂದು ನೋಡಬೇಕು. ಇಲ್ಲಿ ಆವರೇಜ್ ಷರತ್ತು ಬರುತ್ತದೆ. ಸರಕಿನ ಬೆಲೆಗಿಂತ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದರೆ, ಉಳಿದ ಭಾಗಕ್ಕೆ ನೀವೇ ಹೊಣೆ ಎಂದು ಎಣಿಸಿ ಅದೇ ಅನುಪಾತದಲ್ಲಿ ನಷ್ಟವನ್ನು ಕಡಿತ ಮಾಡುತ್ತಾರೆ. ಬ್ಯಾಂಕಿನ ಪಾಲಿಸಿ 40 ಲಕ್ಷದ ಸರಕಿಗೆ 20 ಲಕ್ಷದ್ದು, ಅಂದರೆ ಅರ್ಧ. ಅದೊಂದೇ ಇದ್ದಿದ್ದರೆ 10 ಲಕ್ಷದ ಅರ್ಧ, 5 ಲಕ್ಷ ಕೊಡುತ್ತಿತ್ತು. ಮಾಲೀಕರ ಪಾಲಿಸಿ ಮುಕ್ಕಾಲು ಭಾಗದ್ದು. ಅದೊಂದೇ ಇದ್ದಿದ್ದರೆ ಏಳೂವರೆ ಲಕ್ಷ ಕೊಡುತ್ತಿತ್ತು.

ಎರಡನ್ನೂ ಕೂಡಿಸಿದರೆ ಹನ್ನೆರಡೂವರೆ ಲಕ್ಷ. ನಷ್ಟ 10 ಲಕ್ಷ. ಎರಡೂವರೆ ಲಕ್ಷ ಉಕ್ಕುತ್ತಿದೆ. ಪಾಲಿನ ನಿಯಮ ಕತ್ತರಿಸಬೇಕಾದದ್ದು ಈ ಎರಡೂವರೆ ಲಕ್ಷವನ್ನು, ಅಷ್ಟನ್ನೇ. 5 ಮತ್ತು ಏಳೂವರೆಯ ಅನುಪಾತದಲ್ಲಿ 10 ಲಕ್ಷವನ್ನು ಹಂಚಿದರೆ ಬ್ಯಾಂಕಿನ ಪಾಲಿಸಿಯ ಪಾಲು 4 ಲಕ್ಷ, ಮಾಲೀಕರ ಪಾಲಿಸಿಯದ್ದು 6 ಲಕ್ಷ. ಒಟ್ಟು 10 ಲಕ್ಷ. ನಷ್ಟ ಪೂರ್ತಿ ತುಂಬಿತು. ವಿಮಾ ಮೊತ್ತಗಳ ಅನುಪಾತದಲ್ಲಿ ನೇರವಾಗಿ ಹಂಚಿದರೂ, 20ಕ್ಕೆ 30ರಂತೆ, ಇದೇ ಉತ್ತರ ಬರುತ್ತದೆ.

ಈಗ ತಪ್ಪು ಹೇಗೆ ಆಗುತ್ತದೆ ನೋಡಿ. ಬ್ಯಾಂಕಿನ ಪಾಲಿಸಿಯ ಕಂಪನಿಯವರು ಮೊದಲು ಆವರೇಜ್ ಕಡಿತ ಮಾಡಿ 5 ಲಕ್ಷಕ್ಕೆ ಬರುತ್ತಾರೆ. ಆಮೇಲೆ "ಒಟ್ಟು 50 ಲಕ್ಷದ ವಿಮೆಯಲ್ಲಿ ನಮ್ಮದು 20 ಲಕ್ಷ" ಎಂದು ಆ 5 ಲಕ್ಷಕ್ಕೇ ಮತ್ತೆ ಪಾಲು ಹಾಕಿ 2 ಲಕ್ಷ ಕೊಡುತ್ತಾರೆ. ಇನ್ನೊಂದು ಕಂಪನಿಯೂ ಅದನ್ನೇ ಮಾಡುತ್ತದೆ: ಏಳೂವರೆ ಲಕ್ಷದ ಐದನೇ ಮೂರು ಭಾಗ, ನಾಲ್ಕೂವರೆ ಲಕ್ಷ. ಎರಡೂ ಸೇರಿ ಆರೂವರೆ ಲಕ್ಷ. ಸರಕಿನ ಬೆಲೆಗಿಂತ ಹೆಚ್ಚು ಮೊತ್ತಕ್ಕೆ ವಿಮೆ ಮಾಡಿಸಿ, ಎರಡು ಪ್ರೀಮಿಯಂ ಕಟ್ಟಿದ ಮನುಷ್ಯ ಮೂರೂವರೆ ಲಕ್ಷ ಕಳೆದುಕೊಳ್ಳುತ್ತಾನೆ. ಎರಡು ವರದಿಗಳನ್ನೂ ಬಿಡಿಬಿಡಿಯಾಗಿ ಓದಿದರೆ ಪ್ರತಿ ಸಾಲಿಗೂ ಒಂದು ಷರತ್ತಿನ ಆಧಾರ ಕಾಣುತ್ತದೆ. ತಪ್ಪು ಕಾಣಬೇಕಾದರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೊನೆಯ ಅಂಕಿಗಳನ್ನು ಕೂಡಿಸಿ ನೋಡಬೇಕು. ಆ ಕೂಡಿಸುವ ಕೆಲಸ ಕಂಪನಿಗಳು ಮಾಡುವುದಿಲ್ಲ, ನೀವೇ ಮಾಡಬೇಕು.

ಎರಡು ಪಾಲಿಸಿ ಸೇರಿಯೂ ಸರಕಿನ ಬೆಲೆಗೆ ಸಾಲದಿದ್ದರೆ? ಅದೇ ಅಂಗಡಿಯಲ್ಲಿ ವಿಮಾ ಮೊತ್ತ 12 ಲಕ್ಷ ಮತ್ತು 18 ಲಕ್ಷ ಇತ್ತೆನ್ನಿ. ಬಿಡಿಬಿಡಿಯಾಗಿ ಲೆಕ್ಕ ಹಾಕಿದರೆ ಒಂದು 3 ಲಕ್ಷ, ಇನ್ನೊಂದು ನಾಲ್ಕೂವರೆ ಲಕ್ಷ. ಕೂಡಿಸಿದರೆ ಏಳೂವರೆ, ನಷ್ಟಕ್ಕಿಂತ ಕಡಿಮೆ. ಏನೂ ಉಕ್ಕಲಿಲ್ಲ. ಹಾಗಾದರೆ ಪಾಲಿನ ಹೆಸರಿನಲ್ಲಿ ಒಂದು ರೂಪಾಯಿಯೂ ಕಡಿತವಾಗಬಾರದು. ಪ್ರತಿ ಕಂಪನಿಯೂ ತನ್ನದನ್ನು ಪೂರ್ತಿ ಕೊಡಬೇಕು. ಉಳಿದ ಎರಡೂವರೆ ಲಕ್ಷ ಕಡಿಮೆ ವಿಮೆ ಮಾಡಿಸಿದ್ದಕ್ಕೆ ಮಾಲೀಕರ ಮೇಲೆ ಬೀಳುತ್ತದೆ, ಅದು ನ್ಯಾಯವೇ.

ಕೆಲವೊಮ್ಮೆ ಎರಡು ಪಾಲಿಸಿಗಳ ಷರತ್ತು ಒಂದೇ ಆಗಿರುವುದಿಲ್ಲ. ಒಂದರಲ್ಲಿ ಆವರೇಜ್ ಇರುತ್ತದೆ, ಇನ್ನೊಂದರಲ್ಲಿ ಅದನ್ನು ಬಿಟ್ಟುಕೊಟ್ಟಿರುತ್ತಾರೆ. ನಮ್ಮ ಮೊದಲ ಉದಾಹರಣೆಯಲ್ಲಿ ಮಾಲೀಕರ ಪಾಲಿಸಿ ಹಾಗಿದ್ದರೆ ಅದರ ಬಿಡಿ ಹೊಣೆ 10 ಲಕ್ಷ, ಬ್ಯಾಂಕಿನದ್ದು 5 ಲಕ್ಷ. ಆಗ ಹತ್ತು ಲಕ್ಷ ಎರಡಕ್ಕೆ ಒಂದರಂತೆ ಹಂಚಿಹೋಗುತ್ತದೆ. ವಿಮಾ ಮೊತ್ತದ ಮೇಲೆ ಹಂಚಬೇಕೇ, ಬಿಡಿ ಹೊಣೆಯ ಮೇಲೆ ಹಂಚಬೇಕೇ ಎಂದು ಕಂಪನಿಗಳು ಜಗಳವಾಡಬಹುದು. ಆ ಜಗಳದಲ್ಲಿ ನೀವು ಯಾರ ಪಕ್ಷವನ್ನೂ ವಹಿಸಬೇಡಿ. ಯಾವ ರೀತಿ ಹಂಚಿದರೂ ಒಟ್ಟು ಮೊತ್ತ ನಷ್ಟದಷ್ಟಾಯಿತೇ ಎಂಬುದೊಂದನ್ನೇ ಹಿಡಿಯಿರಿ.

ಆ ಒಟ್ಟಿನಿಂದ ಕಳೆಯಬಹುದಾದದ್ದು ಎಕ್ಸೆಸ್, ಅಂದರೆ ಪ್ರತಿ ಕ್ಲೇಮಿನಲ್ಲೂ ನೀವೇ ಭರಿಸಬೇಕೆಂದು ಪಾಲಿಸಿಯಲ್ಲಿ ಬರೆದಿರುವ ಭಾಗ. ಅದನ್ನು ಪ್ರತಿ ಕಂಪನಿಯೂ ತನ್ನ ಪಾಲಿನಿಂದ ಕಳೆಯುತ್ತದೆ. ಸಾಲ್ವೇಜ್ ಹಾಗಲ್ಲ. ಆ ಒಂದೂವರೆ ಲಕ್ಷವನ್ನು ನಷ್ಟ ನಿಗದಿ ಮಾಡುವಾಗ ಒಮ್ಮೆ ಕಳೆದಾಗಿದೆ. ಪಾಲು ಹಂಚಿದ ಮೇಲೆ ಎರಡೂ ಕಂಪನಿಗಳು ಮತ್ತೆ ಪೂರ್ತಿ ಸಾಲ್ವೇಜ್ ಕಳೆದಿದ್ದರೆ ಆ ವರದಿಯನ್ನು ಒಪ್ಪಬೇಡಿ.

ಹಂತ 6: ಒಬ್ಬರಿಂದಲೇ ಪಡೆಯಬಹುದೇ?

ನಿಮ್ಮ ಪಾಲಿಸಿಯ ಷರತ್ತನ್ನು ಓದಿ. ಸ್ಟ್ಯಾಂಡರ್ಡ್ ಫೈರ್ ಪಾಲಿಸಿಯಲ್ಲಿ, ಬೇರೆ ವಿಮೆ ಇದ್ದರೆ ಕಂಪನಿ ತನ್ನ ಅನುಪಾತದ ಪಾಲಿಗಿಂತ ಹೆಚ್ಚು ಕೊಡುವುದಿಲ್ಲ ಎಂದಿದೆ. ಹಾಗಿದ್ದರೆ ಎರಡೂ ಬಾಗಿಲಿಗೆ ಹೋಗಲೇಬೇಕು. 2021ರ ಏಪ್ರಿಲ್ 1ರಿಂದ, ಒಂದೇ ಸ್ಥಳದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿಯಿರುವ ಸಣ್ಣ ಉದ್ಯಮಗಳಿಗಾಗಿ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯ ರೀತಿ ಬೇರೆ. ಅದರಲ್ಲಿ ಯಾವ ಪಾಲಿಸಿಯಿಂದ ಕ್ಲೇಮ್ ಪಡೆಯಬೇಕೆಂದು ನೀವು ಆರಿಸಿಕೊಳ್ಳಬಹುದು. ಕಂಪನಿ ತನ್ನ ಷರತ್ತು ಮತ್ತು ಮಿತಿಯೊಳಗೆ ನಿಮಗೆ ಕೊಟ್ಟು, ಆಮೇಲೆ ಇನ್ನೊಂದು ಕಂಪನಿಯಿಂದ ಪಾಲನ್ನು ತಾನೇ ವಸೂಲಿ ಮಾಡಿಕೊಳ್ಳುತ್ತದೆ. ಈ ಪಾಲಿಸಿಯಲ್ಲಿ ಶೇ 15ರವರೆಗಿನ ವಿಮಾ ಕೊರತೆಗೆ ಆವರೇಜ್ ಕಡಿತವೂ ಇಲ್ಲ. ಸಣ್ಣ ಅಂಗಡಿಗೆ ಈಗ ಹೊಸದಾಗಿ ವಿಮೆ ಮಾಡಿಸುವವರಿಗೆ ನಾನು ಹೇಳುವುದು ಇದನ್ನೇ.

ಹಂತ 7: ಒಂದು ಕಂಪನಿ ಕೈಯೆತ್ತಿದರೆ

ಮಾಲೀಕರ ಪಾಲಿಸಿಯ ಕಂಪನಿ ತನ್ನ ಪಾಲು 6 ಲಕ್ಷ ಎಂದು ಹೇಳಿದೆ. ಅಷ್ಟರಲ್ಲಿ ಬ್ಯಾಂಕಿನ ಪಾಲಿಸಿಯ ಕಂಪನಿ, ವಿಳಾಸ ಹಳೆಯದು ಎಂದು ಕ್ಲೇಮನ್ನೇ ತಿರಸ್ಕರಿಸುತ್ತದೆ. ಆಗ ಮಾಲೀಕರು ಆರಕ್ಕೇ ಸುಮ್ಮನಾಗಬಾರದು. ಹೊಣೆಯೇ ಇಲ್ಲದ ಪಾಲಿಸಿಯನ್ನು ಪಾಲಿನ ಲೆಕ್ಕಕ್ಕೆ ಸೇರಿಸುವಂತಿಲ್ಲ. ತಿರಸ್ಕಾರದ ಪತ್ರವನ್ನು ಲಿಖಿತವಾಗಿ ಪಡೆದು ಅದರ ಪ್ರತಿಯನ್ನು ಮೊದಲ ಕಂಪನಿಗೆ ಕೊಟ್ಟು, ಲೆಕ್ಕವನ್ನು ಬಿಡಿ ಹೊಣೆಯಾದ ಏಳೂವರೆ ಲಕ್ಷಕ್ಕೆ ತಿದ್ದಲು ಕೇಳಬೇಕು. ಉಳಿದ ಎರಡೂವರೆ ಲಕ್ಷದ ಬಗ್ಗೆ ಬ್ಯಾಂಕನ್ನು ಪ್ರಶ್ನಿಸಬೇಕು. ಅಂಗಡಿ ಬದಲಾದದ್ದನ್ನು ಬ್ಯಾಂಕಿಗೆ ಬರೆದು ತಿಳಿಸಿದ ಪತ್ರ, ಹೊಸ ವಿಳಾಸದ ಸ್ಟಾಕ್ ಸ್ಟೇಟ್‌ಮೆಂಟ್ ಇದ್ದರೆ ಅದೇ ನಿಮ್ಮ ಆಧಾರ.

ಇದೇ ಕಾರಣಕ್ಕೆ ಎರಡೂ ಕಂಪನಿಗಳ ಅಂಕಿ ಕೈಗೆ ಬರುವವರೆಗೆ ಪೂರ್ಣ ಮತ್ತು ಅಂತಿಮ ತೀರುವಳಿ ಎಂಬ ವೋಚರ್‌ಗೆ ಸಹಿ ಹಾಕಬೇಡಿ. ಹಣದ ತುರ್ತು ಇದ್ದು ಹಾಕಲೇಬೇಕಾದರೆ, ಈ ಪಾಲಿಸಿಯ ಒಪ್ಪಿತ ಪಾಲಿಗೆ ಮಾತ್ರ ಸಹಿ, ಉಳಿದದ್ದರ ಮೇಲಿನ ಹಕ್ಕು ಉಳಿಸಿಕೊಂಡಿದ್ದೇನೆ ಎಂದು ಅದೇ ದಿನ ಕಂಪನಿಗೆ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ.

ಎರಡೂ ಕಂಪನಿಗಳು ಒಪ್ಪಿಕೊಂಡರೂ ಬ್ಯಾಂಕಿನ ಪಾಲಿಸಿಯ 4 ಲಕ್ಷ ನಿಮ್ಮ ಕೈಗೆ ಬರುವುದಿಲ್ಲ, ಸಾಲದ ಖಾತೆಗೆ ಜಮೆಯಾಗುತ್ತದೆ. "ಒಂದು ಕಂಪನಿ ಕೊಡಲೇ ಇಲ್ಲ" ಎಂದು ದೂರುವ ಮೊದಲು ಖಾತೆಯನ್ನು ನೋಡಿ.

ಹಂತ 8: ದೂರು

ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಎರಡೂ ವರದಿಗಳ ಕೊನೆಯ ಅಂಕಿಗಳನ್ನು ಕೂಡಿಸಿ ತೋರಿಸುವ ಒಂದು ಹಾಳೆ ಜೊತೆಗಿರಲಿ. ಉದ್ದದ ವಾದಕ್ಕಿಂತ ಆ ಹಾಳೆ ಹೆಚ್ಚು ಕೆಲಸ ಮಾಡುತ್ತದೆ. ಒಂದು ತಿಂಗಳೊಳಗೆ ಉತ್ತರ ಬರದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್‌ಗೆ ಹೋಗಬಹುದು. ಒಬ್ಬರೇ ಮಾಲೀಕರಿರುವ ಅಂಗಡಿಗಳಿಗೂ ಆ ದಾರಿ ತೆರೆದಿದೆ, 50 ಲಕ್ಷ ರೂಪಾಯಿವರೆಗೆ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ, ಶುಲ್ಕವಿಲ್ಲ. ಆದರೆ ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಪಾಲುದಾರಿಕೆ ಸಂಸ್ಥೆಯವರು ದೂರು ಹಾಕುವ ಮೊದಲು ತಮಗೆ ಅರ್ಹತೆ ಇದೆಯೇ ಎಂದು ಅಲ್ಲಿಯೇ ವಿಚಾರಿಸಿಕೊಳ್ಳಲಿ.

ನವೀಕರಣದ ಹೊತ್ತಿಗೆ

ಎರಡು ಪಾಲಿಸಿಗಳನ್ನು ಮುಂದುವರಿಸಬೇಡಿ. ಸರಕಿನ ಪೂರ್ತಿ ಬೆಲೆಗೆ, ಹಬ್ಬದ ಸಮಯದ ಹೆಚ್ಚಿನ ದಾಸ್ತಾನನ್ನೂ ಎಣಿಸಿ, ಒಂದೇ ಪಾಲಿಸಿ ಮಾಡಿಸಿ. ಅದರಲ್ಲಿ ಬ್ಯಾಂಕಿನ ಹೆಸರು ಸೇರಿಸಿ. ಬ್ಯಾಂಕಿಗೆ ಬೇಕಾದದ್ದು ತನ್ನ ಹೆಸರಿರುವ, ಸಾಲಕ್ಕೆ ಸಾಕಾಗುವ ವಿಮೆ. ಯಾವ ಕಂಪನಿಯದ್ದು ಎಂಬ ಆಯ್ಕೆ ನಿಮ್ಮದೇ. ಬ್ಯಾಂಕಿನ ಪಾಲಿಸಿ ಮುಗಿಯುವ ದಿನಕ್ಕೆ ಕನಿಷ್ಠ ಒಂದು ತಿಂಗಳು ಮೊದಲೇ ನಿಮ್ಮ ಪಾಲಿಸಿಯ ಪ್ರತಿಯನ್ನು ಶಾಖೆಗೆ ಕೊಡಿ. ಜೊತೆಗೆ, ಇನ್ನು ಮುಂದೆ ಖಾತೆಯಿಂದ ವಿಮೆಯ ಪ್ರೀಮಿಯಂ ಹಿಡಿಯಬೇಡಿ ಎಂಬ ಪತ್ರವನ್ನೂ ಕೊಟ್ಟು, ನಿಮ್ಮ ಪ್ರತಿಯ ಮೇಲೆ ದಿನಾಂಕ ಸಹಿತ ಶಾಖೆಯ ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಹೇಳಿಬಂದರೆ, ಮ್ಯಾನೇಜರ್ ವರ್ಗವಾದ ಮೇಲೆ ಪ್ರೀಮಿಯಂ ಮತ್ತೆ ಹೋಗುತ್ತದೆ.